ಒಂದೇ ಗೇರುಬೀಜದ ಪುಡಿ, ಎರಡು ಲ್ಯಾಬ್ ರಿಪೋರ್ಟ್: ಪ್ರೋಟೀನ್ 21.4 ಸರಿಯೋ, 18.1 ಸರಿಯೋ?

ನೀರ್ಚಾಲು ಅಕ್ಕ
ನಾವು ಆರು ಮಂದಿ ಹೆಂಗಸರು ಸೇರಿ ಗೇರುಬೀಜದ ಪುಡಿ ಮಾಡಿ ಮಾರುತ್ತೇವೆ. ತುಂಡು ಬೀಜ ಸ್ವಲ್ಪ ಕಡಿಮೆ ರೇಟಿಗೆ ಸಿಗುತ್ತದೆ, ಅದನ್ನು ಹದವಾಗಿ ಹುರಿದು ಪುಡಿ ಮಾಡುವುದು. ಮಕ್ಕಳ ಹಾಲಿಗೆ, ಪಾಯಸಕ್ಕೆ ಜನ ತಗೊಳ್ಳುತ್ತಾರೆ. ಈಗ ಬೆಂಗಳೂರಿನಿಂದ ಒಬ್ಬರು ದೊಡ್ಡ ಆರ್ಡರ್ ಕೊಡ್ತೇವೆ ಎಂದಿದ್ದಾರೆ. ಆದರೆ 100 ಗ್ರಾಂ ಪುಡಿಯಲ್ಲಿ ಪ್ರೋಟೀನ್ 20 ಗ್ರಾಮಿಗಿಂತ ಕಡಿಮೆ ಇರಬಾರದು, ರಿಪೋರ್ಟ್ ಬೇಕು ಅಂತ ಶರತ್ತು.

ಒಂದೇ ದಿನ ಮಾಡಿದ ಪುಡಿಯನ್ನು ಚೆನ್ನಾಗಿ ಕಲಸಿ ಎರಡು ಪ್ಯಾಕೆಟ್ ಮಾಡಿ ಎರಡು ಲ್ಯಾಬಿಗೆ ಕಳುಹಿಸಿದೆವು. ಒಂದರಲ್ಲಿ 21.4 ಬಂತು. ಇನ್ನೊಂದರಲ್ಲಿ 18.1. ಎರಡರಲ್ಲೂ ವಿಧಾನ ಅಂತ ಇರುವಲ್ಲಿ ಕೆಲ್ಡಾಲ್ ಅಂತಲೇ ಬರೆದಿದ್ದಾರೆ. ಎರಡಕ್ಕೂ ದುಡ್ಡು ಕೊಟ್ಟಾಗಿದೆ, ಯಾರು ತಪ್ಪು ಮಾಡಿದ್ದು ಅಂತ ಹೇಗೆ ಗೊತ್ತು ಮಾಡುವುದು? ಇಲ್ಲಿ ಲ್ಯಾಬಿನ ಕೆಲಸ ಗೊತ್ತಿರುವವರು ಯಾರಾದರೂ ಇದ್ದರೆ ಹೇಳಿ.

ಕುಂಬಳೆ ಮಾಸ್ಟ್ರು
ಅಕ್ಕ, ನಾನು 30 ವರ್ಷ ಕೆಮಿಸ್ಟ್ರಿ ಪಾಠ ಮಾಡಿದವ. ಕೆಲ್ಡಾಲ್‌ನಲ್ಲಿ ಅಳೆಯುವುದು ಪ್ರೋಟೀನ್ ಅಲ್ಲ, ನೈಟ್ರೋಜನ್. ಪ್ರೋಟೀನಿನಲ್ಲಿ 100ಕ್ಕೆ 16 ಭಾಗ ನೈಟ್ರೋಜನ್ ಇರುತ್ತದೆ, ಹಾಗಾಗಿ ಸಿಕ್ಕಿದ ನೈಟ್ರೋಜನನ್ನು 6.25ರಿಂದ ಗುಣಿಸಿದರೆ ಪ್ರೋಟೀನ್. ಇದರಲ್ಲಿ ಜಗಳ ಮಾಡಲಿಕ್ಕೆ ಏನೂ ಇಲ್ಲ. ನಿಮ್ಮ ಎರಡು ರಿಪೋರ್ಟಿನ ವ್ಯತ್ಯಾಸ ನೀರಿನದ್ದೇ ಇರಬೇಕು. ಒಬ್ಬರು ಪುಡಿಯನ್ನು ಒಣಗಿಸಿ ಲೆಕ್ಕ ಹಾಕಿದ್ದಾರೆ, ಇನ್ನೊಬ್ಬರು ಹಾಗೇ ತೂಗಿದ್ದಾರೆ. ನಮ್ಮ ಕಡೆ ಮಳೆಗಾಲದಲ್ಲಿ ಎಲ್ಲವೂ ತೇವ ಎಳೆಯುತ್ತದಲ್ವಾ.

ಉಪ್ಪಳ ಅಂಗಡಿ
ನೈಟ್ರೋಜನ್ ಅಂದ್ರೆ ಪ್ಯಾಕೆಟ್ ಒಳಗೆ ತುಂಬಿಸುವ ಗ್ಯಾಸ್ ಅಲ್ವಾ? ನಮ್ಮ ಅಂಗಡಿಗೆ ಬರುವ ಗೇರುಬೀಜದ ಪ್ಯಾಕೆಟ್ ಎಲ್ಲ ಬಲೂನಿನ ಹಾಗೆ ಊದಿಕೊಂಡಿರುತ್ತದೆ, ಬೀಜ ಕಮಟು ವಾಸನೆ ಬಾರದಿರಲಿ ಅಂತ ನೈಟ್ರೋಜನ್ ಹಾಕುವುದಂತೆ. ಅಕ್ಕನ ಒಂದು ಪ್ಯಾಕೆಟಿಗೆ ಗ್ಯಾಸ್ ಜಾಸ್ತಿ ಹೋಗಿರಬೇಕು, ಅದಕ್ಕೇ 21.

ನೀರ್ಚಾಲು ಅಕ್ಕ
ಅಯ್ಯೋ ಇಲ್ಲ ಅಣ್ಣ, ನಮ್ಮಲ್ಲಿ ಗ್ಯಾಸ್ ತುಂಬಿಸುವ ಮೆಷಿನ್ ಎಲ್ಲಿಂದ? ಕೈಯಿಂದ ಸೀಲ್ ಮಾಡುವುದು.

ಹಳೇ ಲ್ಯಾಬಿನವ
ನಾನು ಮಂಗಳೂರಿನಲ್ಲಿ ಇದೇ ಕೆಲಸ ಮಾಡಿ ಈಗ ಮನೆಯಲ್ಲಿ ಕೂತಿರುವವನು. ಅಕ್ಕ, ಇಬ್ಬರೂ ತಪ್ಪು ಮಾಡಿಲ್ಲ ಅಂತ ನನ್ನ ಅಂದಾಜು. ರಿಪೋರ್ಟ್ ನೋಡದೆ ಹೇಗೆ ಹೇಳಿದೆ ಅಂತ ಕೇಳಬಹುದು. 21.4ನ್ನು 18.1ರಿಂದ ಭಾಗಿಸಿ ನೋಡಿ, 1.18 ಬರುತ್ತದೆ. ಈಗ 6.25ನ್ನು 5.30ರಿಂದ ಭಾಗಿಸಿ. ಅದೂ 1.18. ಅಂದರೆ ಇಬ್ಬರಿಗೂ ಸಿಕ್ಕಿದ ನೈಟ್ರೋಜನ್ ಒಂದೇ, ಸುಮಾರು 3.42. ಒಬ್ಬರು 6.25ರಿಂದ ಗುಣಿಸಿದ್ದಾರೆ, ಇನ್ನೊಬ್ಬರು ಬೀಜಗಳಿಗೆ ಅಂತ ಇರುವ 5.30ರಿಂದ. ಎರಡೂ ಲ್ಯಾಬಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ನೈಟ್ರೋಜನ್ ಎಷ್ಟು ಬಂತು, ಯಾವ ಫ್ಯಾಕ್ಟರ್ ಹಾಕಿದಿರಿ.

ಮಾಸ್ಟ್ರೇ, ನೀರಿನ ಮಾತು ಸುಮ್ನೆ ಬಿಡುವಂಥದ್ದಲ್ಲ, ಎಷ್ಟೋ ಜಗಳ ಅದರಿಂದಲೇ ಆಗುತ್ತದೆ. ಆದರೆ ಇಲ್ಲಿ ಲೆಕ್ಕ ಕೂಡುವುದಿಲ್ಲ. ಬರೀ ನೀರಿನಿಂದ 18.1 ಹೋಗಿ 21.4 ಆಗಬೇಕಾದರೆ ಪುಡಿಯಲ್ಲಿ 15 ಶೇಕಡ ನೀರು ಇರಬೇಕು. ಅಷ್ಟು ನೀರಿದ್ದರೆ ಲ್ಯಾಬಿಗೆ ಮುಟ್ಟುವ ಮೊದಲೇ ಬೂಷ್ಟು ಹಿಡಿದಿರುತ್ತಿತ್ತು. ಹುರಿದ ಬೀಜದಲ್ಲಿ 4 ಇದ್ದರೆ ಜಾಸ್ತಿ. ಅದರಿಂದ 18.1 ಇದ್ದದ್ದು 18.9 ಆಗಬಹುದು, ಅಷ್ಟೇ.

ಉಪ್ಪಳದವರೇ, ಗ್ಯಾಸ್ ಲೆಕ್ಕಕ್ಕೆ ಬರುವುದಿಲ್ಲ. ಗಾಳಿಯಲ್ಲಿರುವ ನೈಟ್ರೋಜನ್ ಎಷ್ಟು ಗಟ್ಟಿ ಜೋಡಿ ಅಂದರೆ ಕುದಿಯುವ ಆಸಿಡ್ ಅದನ್ನು ಮುಟ್ಟುವುದೇ ಇಲ್ಲ. ಕೆಲ್ಡಾಲ್‌ಗೆ ಸಿಗುವುದು ಆಹಾರದ ಒಳಗೆ ಕಾರ್ಬನ್, ಹೈಡ್ರೋಜನ್ ಜೊತೆ ಸೇರಿಕೊಂಡಿರುವ ನೈಟ್ರೋಜನ್.

ಮಂಜೇಶ್ವರದ ಹುಡುಗಿ
ಉಪ್ಪಳ ಅಣ್ಣನ ಪ್ರಶ್ನೆ ಅಷ್ಟೇನೂ ತಮಾಷೆಯದ್ದಲ್ಲ. ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಆಸಿಡ್ ಕುದಿಸುವುದಿಲ್ಲ, ಡ್ಯೂಮಾ ಮೆಷಿನ್ ಇದೆ. ಸ್ಯಾಂಪಲನ್ನು ಆಕ್ಸಿಜನ್‌ನಲ್ಲಿ ಸುಟ್ಟು, ಬರುವ ನೈಟ್ರೋಜನ್ ಗ್ಯಾಸನ್ನೇ ಅಳೆಯುವುದು. ಅದರಲ್ಲಿ ಪುಡಿಯನ್ನು ತಗಡಿನಲ್ಲಿ ಮಡಚುವಾಗ ಗಾಳಿ ಸಿಕ್ಕಿಹಾಕಿಕೊಂಡರೆ ಆ ಗಾಳಿಯ ನೈಟ್ರೋಜನ್ನೂ ಸೇರಿ ಪ್ರೋಟೀನ್ ಸುಳ್ಳೇ ಏರುತ್ತದೆ. ಹಾಗಾಗಿ ಒತ್ತಿ ಒತ್ತಿ ಮಡಚಬೇಕು. ಆದರೆ ಅಕ್ಕನದ್ದು ಕೆಲ್ಡಾಲ್, ಅಲ್ಲಿ ಆ ಪ್ರಶ್ನೆ ಬರುವುದಿಲ್ಲ.

ಇನ್ನೊಂದು, ನಮ್ಮ ಮೆಷಿನಿನ ಸಾಫ್ಟ್‌ವೇರ್‌ನಲ್ಲಿ ಯಾರೂ ಬದಲಾಯಿಸದಿದ್ದರೆ 6.25 ತಾನಾಗಿ ಕೂತಿರುತ್ತದೆ. ಹಾಲು, ಗೋಧಿ, ಬೀಜ ಏನೇ ಬರಲಿ ಅದರಿಂದಲೇ ಗುಣಿಸಿ ಪ್ರಿಂಟ್ ಮಾಡಿ ಕೊಡುತ್ತದೆ. ಎಷ್ಟೋ ಕಡೆ ಯಾರೂ ಕೂತು ಯೋಚಿಸಿ 6.25 ಅಂತ ತೀರ್ಮಾನ ಮಾಡಿರುವುದಿಲ್ಲ.

ನೀರ್ಚಾಲು ಅಕ್ಕ
ಫೋನ್ ಮಾಡಿದೆ. ಲ್ಯಾಬಿನವರು ಹೇಳಿದ್ದು ಸರಿಯಾಗಿ ನೀವು ಹೇಳಿದ ಹಾಗೆಯೇ! ಮೊದಲನೆಯವರು 6.25, ಎರಡನೆಯವರು 5.30. ಎರಡನೆಯ ಕಡೆ ಇದ್ದ ಹುಡುಗ ಒಳ್ಳೆಯವನು, ಬರೆದಿಟ್ಟ ಲೆಕ್ಕವನ್ನೇ ಓದಿ ಹೇಳಿದ. ತೂಕ 0.500 ಗ್ರಾಂ, ಬ್ಯೂರೆಟ್ 12.35, ಬ್ಲಾಂಕ್ 0.15, ಆಸಿಡ್ 0.1 ನಾರ್ಮಲ್. ನನಗೆ ತಲೆಬುಡ ಅರ್ಥ ಆಗಲಿಲ್ಲ, ಬರೆದುಕೊಂಡೆ ಅಷ್ಟೇ.

ಹಳೇ ಲ್ಯಾಬಿನವ
ಬರೆದುಕೊಂಡದ್ದು ಬಹಳ ಒಳ್ಳೆಯದಾಯಿತು. ಆ ನಾಲ್ಕು ಅಂಕಿಯಲ್ಲಿ ಪೂರ್ತಿ ಕಥೆ ಇದೆ.

ನಿಮ್ಮ ಪುಡಿಯಿಂದ ಅರ್ಧ ಗ್ರಾಂ ತೂಗಿ ಉದ್ದ ಕತ್ತಿನ ಗಾಜಿನ ಕೊಳವೆಗೆ ಹಾಕುತ್ತಾರೆ. ಅದಕ್ಕೆ ಸುಮಾರು 12 ಮಿಲಿ ಗಟ್ಟಿ ಸಲ್ಫ್ಯೂರಿಕ್ ಆಸಿಡ್, 7 ಗ್ರಾಂ ಪೊಟ್ಯಾಸಿಯಂ ಸಲ್ಫೇಟ್, ಮತ್ತೆ ಚಿಟಿಕೆ ಕಾಪರ್ ಸಲ್ಫೇಟ್, ಅದೇ ನಾವು ಅಡಿಕೆಗೆ ಬೋರ್ಡೋ ಮಾಡುವ ಮೈಲುತುತ್ತು. ಬ್ಲಾಕನ್ನು 420 ಡಿಗ್ರಿಗೆ ಇಟ್ಟು ಕುದಿಸುವುದು. ಬರೀ ಆಸಿಡ್ ಆದರೆ ಸಾಕಷ್ಟು ಬಿಸಿ ಏರುವ ಮೊದಲೇ ಕುದಿಯಲು ಶುರುವಾಗುತ್ತದೆ. ಆ ಉಪ್ಪು ಹಾಕಿದರೆ ಕುದಿಯುವ ಬಿಂದು ಮೇಲೆ ಹೋಗುತ್ತದೆ. ಮೈಲುತುತ್ತು ಕೆಲಸ ಬೇಗ ಆಗುವಂತೆ ಮಾಡುತ್ತದೆ. ಮೊದಲು ಡಾಮರಿನ ಹಾಗೆ ಕಪ್ಪಾಗುತ್ತದೆ, ಆಮೇಲೆ ಕಂದು, ಕೊನೆಗೆ ತಿಳಿ ಹಸಿರು. ಅಷ್ಟರಲ್ಲಿ ಪ್ರೋಟೀನ್, ಎಣ್ಣೆ, ಹಿಟ್ಟು ಎಲ್ಲ ಹೋಗಿ, ನೈಟ್ರೋಜನ್ ಮಾತ್ರ ಅಮೋನಿಯಂ ಸಲ್ಫೇಟ್ ಆಗಿ ಆಸಿಡ್ಡಿನಲ್ಲಿ ಉಳಿದಿರುತ್ತದೆ. ತೋಟಕ್ಕೆ ಹಾಕುವ ಅಮೋನಿಯಂ ಸಲ್ಫೇಟ್ ಗೊಬ್ಬರ ಉಂಟಲ್ಲ, ಅದೇ.

ತಣಿದ ಮೇಲೆ ಕಾಸ್ಟಿಕ್ ಸೋಡಾ ಹಾಕಿ ಹಬೆ ಹಾಯಿಸಿದರೆ ಅಮೋನಿಯಾ ಹಾರಿ ಬರುತ್ತದೆ. ಅದನ್ನು ಬೋರಿಕ್ ಆಸಿಡ್ಡಿನಲ್ಲಿ ಹಿಡಿಯುವುದು. ಬಣ್ಣದ ದ್ರಾವಣ ಹಾಕಿರುವುದರಿಂದ ಅದು ಕೆಂಪಿನಿಂದ ಹಸಿರಾಗುತ್ತದೆ. ಈಗ ಬ್ಯೂರೆಟಿನಿಂದ ಆಸಿಡ್ ಹನಿ ಹನಿಯಾಗಿ ಬಿಟ್ಟು, ಪುನಃ ತಿಳಿ ಗುಲಾಬಿ ಬರುವಲ್ಲಿ ನಿಲ್ಲಿಸುವುದು. ನಿಮ್ಮದು 12.35 ಮಿಲಿಯಲ್ಲಿ ನಿಂತಿದೆ. ಪುಡಿ ಹಾಕದೆ ಬರೀ ರಾಸಾಯನಿಕಗಳನ್ನೇ ಹೀಗೆ ಓಡಿಸಿದರೂ 0.15 ಬರುತ್ತದೆ, ಅದೇ ಬ್ಲಾಂಕ್. ಕಳೆದರೆ 12.20.

0.1 ನಾರ್ಮಲ್ ಆಸಿಡ್ಡಿನ ಒಂದು ಮಿಲಿ 1.4 ಮಿಲಿಗ್ರಾಂ ನೈಟ್ರೋಜನಿಗೆ ಸಮ. 12.20 ಮಿಲಿ ಅಂದರೆ 17.1 ಮಿಲಿಗ್ರಾಂ. 500 ಮಿಲಿಗ್ರಾಂ ಪುಡಿಯಲ್ಲಿ 17.1 ಅಂದರೆ 100ಕ್ಕೆ 3.42. ಲ್ಯಾಬ್ ಅಳೆದದ್ದು ಇಷ್ಟೇ, ಅಳತೆ ಇಲ್ಲಿಗೆ ಮುಗಿಯಿತು. ಇಲ್ಲಿಂದ ಮುಂದಿನದ್ದು ಕಾಗದದ ಮೇಲಿನ ಗುಣಾಕಾರ. 5.30 ಹಾಕಿದರೆ 18.1, 6.25 ಹಾಕಿದರೆ 21.4.

ಪೆರ್ಲದ ಹಟ್ಟಿ
ಮಾರಾಯ್ರೇ, ಇದು ನನ್ನ ದನದ ಕಥೆ ಇದ್ದ ಹಾಗೆಯೇ ಉಂಟು. ಎರಡು ದನ ಉಂಟು ನನ್ನಲ್ಲಿ. ತೆಂಗಿನ ಹಿಂಡಿ ಹಾಕುತ್ತಿದ್ದೆ, ರೇಟು ಏರಿತು ಅಂತ ಚೀಲದ ಫೀಡಿಗೆ ಬದಲಾಯಿಸಿದೆ. ಚೀಲದ ಮೇಲೆ ಕ್ರೂಡ್ ಪ್ರೋಟೀನ್ 20 ಅಂತ ಬರೆದಿದೆ. ಹಿಂಡಿಯದ್ದೂ ಹೆಚ್ಚುಕಡಿಮೆ ಅಷ್ಟೇ ಅಂತಾರೆ. ಆದರೆ ಹಾಲು ಇಳಿದಿದೆ. ನೈಟ್ರೋಜನನ್ನೇ ಅಳೆಯುವುದಾದರೆ ಅವರು ಫೀಡಿಗೆ ಯೂರಿಯಾ ಬೆರೆಸಿದರೂ ಪ್ರೋಟೀನ್ ಅಂತಲೇ ಬರಬೇಕಲ್ಲ?

ಕುಂಬಳೆ ಮಾಸ್ಟ್ರು
ಮೊದಲು ಗೇರುಬೀಜ ಮುಗಿಯಲಿ, ಆಮೇಲೆ ದನ. ಹಳೇ ಲ್ಯಾಬಿನವರೇ, ಒಂದು ಸಂಶಯ. 16 ಶೇಕಡ ಅನ್ನುವುದು ನಾನು ಓದಿ, ಪಾಠ ಮಾಡಿದ್ದು. ಅದು ತಪ್ಪಾದರೆ ಇಷ್ಟು ವರ್ಷ ಮಕ್ಕಳಿಗೆ ನಾನು ಹೇಳಿದ್ದು ಏನು? ಪ್ರೋಟೀನ್ ಅಂದರೆ ಪ್ರೋಟೀನ್, ಗೇರುಬೀಜದಲ್ಲಿ ಒಂದು ಲೆಕ್ಕ, ಹಾಲಿನಲ್ಲಿ ಒಂದು ಲೆಕ್ಕ ಹೇಗಾಗುತ್ತದೆ?

ಹಳೇ ಲ್ಯಾಬಿನವ
ಮಾಸ್ಟ್ರೇ, ನೀವು ಹೇಳಿದ್ದು ಸುಳ್ಳಲ್ಲ, ಸರಾಸರಿ. ಹಿಂದೆ ಚೆನ್ನಾಗಿ ಬೇರ್ಪಡಿಸಿ ನೋಡಲು ಸಿಕ್ಕಿದ ಕೆಲವು ಪ್ರೋಟೀನುಗಳಲ್ಲಿ ನೈಟ್ರೋಜನ್ 16ರ ಹತ್ತಿರ ಇತ್ತು, ಹಾಗಾಗಿ ಎಲ್ಲದಕ್ಕೂ ಅದನ್ನೇ ಹಿಡಿದರು. ಕೆಲ್ಡಾಲ್ ಅನ್ನುವವನಿಗೆ ಗೇರುಬೀಜವೂ ಬೇಕಿರಲಿಲ್ಲ, ಹಾಲೂ ಬೇಕಿರಲಿಲ್ಲ. ಅವನು ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿದ್ದವನು. ಬಾರ್ಲಿ ಮೊಳೆತು ಬಿಯರ್ ಆಗುವಾಗ ಪ್ರೋಟೀನ್ ಏನಾಗುತ್ತದೆ ಅಂತ ನೋಡಲು ಬೇಗ ಆಗುವ ದಾರಿ ಬೇಕಿತ್ತು. 1883ರಲ್ಲಿ ಈ ವಿಧಾನ ಪ್ರಕಟಿಸಿದ. ಅವನು ಕೊಟ್ಟದ್ದು ನೈಟ್ರೋಜನ್ ಅಳೆಯುವ ದಾರಿ.

ಈಗ ನಿಮ್ಮ ಪ್ರಶ್ನೆ. ಪ್ರೋಟೀನ್ ಅಂದರೆ ಅಮೈನೋ ಆಸಿಡ್‌ಗಳ ಸರ, ಇದು ನೀವೇ ಪಾಠ ಮಾಡಿದ್ದು. ಆ ಮಣಿಗಳು ಒಂದೇ ತರ ಇಲ್ಲ. ಲ್ಯೂಸಿನ್‌ನಲ್ಲಿ ಒಂದೇ ನೈಟ್ರೋಜನ್, ಅದರ ತೂಕದ 11 ಶೇಕಡ ಕೂಡ ಇಲ್ಲ. ಅರ್ಜಿನೈನ್‌ನಲ್ಲಿ ನಾಲ್ಕು, ತೂಕದ 32 ಶೇಕಡ. ಗೇರುಬೀಜ, ನೆಲಗಡಲೆ, ಬಾದಾಮಿಯಂಥ ಬೀಜಗಳು ಮೊಳಕೆಗೆ ಬೇಕಾದ ನೈಟ್ರೋಜನನ್ನು ಒತ್ತಿ ತುಂಬಿಟ್ಟುಕೊಳ್ಳಬೇಕಲ್ಲ, ಅವುಗಳ ಪ್ರೋಟೀನಿನಲ್ಲಿ ಅರ್ಜಿನೈನ್ ಜಾಸ್ತಿ. ಹಾಗಾಗಿ ಗೇರುಬೀಜದ 100 ಗ್ರಾಂ ಪ್ರೋಟೀನಿನಲ್ಲಿ 16 ಅಲ್ಲ, 18.9 ಗ್ರಾಂ ನೈಟ್ರೋಜನ್ ಅಂತ ಹಿಡಿಯುತ್ತಾರೆ. 100ನ್ನು 18.9ರಿಂದ ಭಾಗಿಸಿದರೆ 5.30. ಹಾಲಿನಲ್ಲಿ ತದ್ವಿರುದ್ಧ, 15.7 ಮಾತ್ರ, ಹಾಗಾಗಿ 6.38. ಈ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆಯ ಜೋನ್ಸ್ 1931ರಲ್ಲಿ ಮಾಡಿದ್ದು. ಗೋಧಿ ಹಿಟ್ಟಿಗೆ 5.70, ಅಕ್ಕಿಗೆ 5.95, ನೆಲಗಡಲೆಗೆ 5.46. ಮಾಂಸ, ಮೊಟ್ಟೆಗೆ ನಿಮ್ಮ 6.25 ಹಾಗೇ ಇದೆ. ನೀವು ಮಕ್ಕಳಿಗೆ ಮೊಟ್ಟೆಯ ಲೆಕ್ಕ ಹೇಳಿಕೊಟ್ಟಿದ್ದೀರಿ ಅಂತ ಇಟ್ಟುಕೊಳ್ಳಿ.

ಕುಂಬಳೆ ಮಾಸ್ಟ್ರು
ನಾನು ಸಸ್ಯಾಹಾರಿ ಮಾರಾಯ್ರೇ.

ಸರಿ, ಒಪ್ಪಿದೆ. ಹಾಗಾದರೆ 6.25 ಹಾಕಿದವರು ಗಿರಾಕಿಗೆ ಮೋಸ ಮಾಡುತ್ತಿದ್ದಾರೆ ಅಂತ ಆಯಿತಲ್ಲ? ಇಲ್ಲದ 3 ಗ್ರಾಂ ಪ್ರೋಟೀನ್ ಉಂಟು ಅಂತ ಬರೆದ ಹಾಗೆ.

ಮಂಜೇಶ್ವರದ ಹುಡುಗಿ
ಮೋಸ ಅಂತ ಹೇಳಲಿಕ್ಕಾಗುವುದಿಲ್ಲ ಸಾರ್. ಲೇಬಲ್ಲಿನ ಲೆಕ್ಕಕ್ಕೆ ಅಂತರರಾಷ್ಟ್ರೀಯ ಆಹಾರ ಮಾನದಂಡ ಮಾಡುವ ಕೋಡೆಕ್ಸ್ ಹೇಳುವುದೇ ಕೆಲ್ಡಾಲ್ ನೈಟ್ರೋಜನ್ ಗುಣಿಸು 6.25 ಅಂತ, ಆ ಆಹಾರಕ್ಕೆ ಬೇರೆ ಫ್ಯಾಕ್ಟರ್ ಅವರೇ ಹೇಳಿದ್ದರೆ ಮಾತ್ರ ಅದು. ಎಲ್ಲರೂ ಒಂದೇ ಕೋಲಿನಿಂದ ಅಳೆದರೆ ಹೋಲಿಕೆಗಾದರೂ ಸುಲಭ ಅನ್ನುವುದು ಅದರ ಹಿಂದಿರುವ ಯೋಚನೆ ಅಂತ ನನಗನಿಸುತ್ತದೆ.

ಮತ್ತೆ 5.30 ದೇವರ ಮಾತು ಅಂತಲೂ ತಿಳಿಯಬೇಡಿ. ಜೋನ್ಸ್ ಬೀಜದಿಂದ ಪ್ರೋಟೀನನ್ನು ಬೇರ್ಪಡಿಸಿ ಅದರಲ್ಲಿ ನೈಟ್ರೋಜನ್ ಎಷ್ಟು ಅಂತ ನೋಡಿದ್ದು. ನಾವು ಅಳೆಯುವುದು ಇಡೀ ಬೀಜವನ್ನು. ಅದರಲ್ಲಿ ಬಿಡಿಯಾಗಿರುವ ಅಮೈನೋ ಆಸಿಡ್, ಡಿಎನ್‌ಎ, ಅದು ಇದು ಅಂತ ಪ್ರೋಟೀನ್ ಅಲ್ಲದ ನೈಟ್ರೋಜನ್ನೂ ಇರುತ್ತದೆ. ಅದನ್ನೂ 5.30ರಿಂದ ಗುಣಿಸಿಬಿಡುತ್ತೇವೆ.

ಹಳೇ ಲ್ಯಾಬಿನವ
ಹುಡುಗಿ ಹೇಳಿದ್ದು ಸರಿ. ಅಣಬೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಣಬೆಯ ಗೋಡೆಯಲ್ಲಿ ಕೈಟಿನ್ ಇದೆ, ಸಿಗಡಿ ಸಿಪ್ಪೆಯಲ್ಲಿ ಇರುವಂಥದ್ದೇ. ಅದರಲ್ಲಿ ನೈಟ್ರೋಜನ್ ಉಂಟು, ಆದರೆ ಅದು ಪ್ರೋಟೀನ್ ಅಲ್ಲ. ಹಾಗಾಗಿ ಅಣಬೆಗೆ 4.38 ಹಾಕುವವರಿದ್ದಾರೆ. ಅದನ್ನು 6.25ರಿಂದ ಗುಣಿಸಿ ಪ್ಯಾಕೆಟ್ ಮೇಲೆ ದೊಡ್ಡ ಅಂಕಿ ಹಾಕಿದ್ದನ್ನು ನಾನು ನೋಡಿದ್ದೇನೆ.

ನೇರ ಪ್ರೋಟೀನನ್ನೇ ಅಳೆಯಬಾರದಾ ಅಂದರೆ, ಆಗುತ್ತದೆ. ಸರವನ್ನು 110 ಡಿಗ್ರಿಯಲ್ಲಿ ಒಂದು ದಿನ ಪೂರ್ತಿ ಆಸಿಡ್ಡಿನಲ್ಲಿ ಬೇಯಿಸಿ ಮಣಿ ಮಣಿ ಬಿಡಿಸಿ, ಒಂದೊಂದನ್ನೂ ಅಳೆದು ಕೂಡಿಸಬೇಕು. ಅದರಲ್ಲೂ ಟ್ರಿಪ್ಟೋಫಾನ್ ನಾಶವಾಗುತ್ತದೆ, ಅದಕ್ಕೆ ಬೇರೆಯೇ ವಿಧಾನ. ಅಕ್ಕನ ಒಂದು ತಿಂಗಳ ಲಾಭ ಅದಕ್ಕೇ ಹೋದೀತು.

ಪೆರ್ಲದ ಹಟ್ಟಿ
ಈಗಲಾದರೂ ದನದ ಸರದಿ ಬಂತಾ?

ಹಳೇ ಲ್ಯಾಬಿನವ
ಬಂತು ಬಂತು. ನಿಮ್ಮ ಸಂಶಯ ಸರಿಯಾದದ್ದೇ. ಕೊಳವೆಯಿಂದ ಹೊರಗೆ ಬರುವಾಗ ಎಲ್ಲವೂ ಅಮೋನಿಯಾ, ಅದರ ಮೇಲೆ ಹಿಂಡಿಯಿಂದ ಬಂದದ್ದು, ಯೂರಿಯಾದಿಂದ ಬಂದದ್ದು ಅಂತ ಹೆಸರು ಬರೆದಿರುವುದಿಲ್ಲ. ಯೂರಿಯಾದಲ್ಲಿ 46 ಶೇಕಡ ನೈಟ್ರೋಜನ್. 100 ಕಿಲೋ ಫೀಡಿಗೆ ಒಂದು ಕಿಲೋ ಬಿದ್ದರೆ ಸಾಕು, 0.46 ಗುಣಿಸು 6.25, ಕ್ರೂಡ್ ಪ್ರೋಟೀನ್ ಸುಮಾರು 2.9 ಏರುತ್ತದೆ. ಆ ಕ್ರೂಡ್ ಅನ್ನುವ ಪದ ಅದಕ್ಕೇ ಇರುವುದು, ಅದು ನೈಟ್ರೋಜನಿನ ಲೆಕ್ಕ ಅಂತ.

2008ರಲ್ಲಿ ಚೀನಾದಲ್ಲಿ ಮಕ್ಕಳ ಹಾಲಿನ ಪುಡಿ ಮಾಡುವ ಹಾಲಿಗೆ ಮೆಲಮೈನ್ ಅನ್ನುವ, ಪ್ಲಾಸ್ಟಿಕ್ ಮಾಡಲು ಬಳಸುವ ರಾಸಾಯನಿಕ ಹಾಕಿದ್ದೂ ಇದೇ ಉಪಾಯ. ಹಾಲಿಗೆ ನೀರು ಬೆರೆಸಿದರೆ ನೈಟ್ರೋಜನ್ ಇಳಿದು ಸಿಕ್ಕಿಬೀಳುತ್ತಾರಲ್ಲ. ಮೆಲಮೈನಿನಲ್ಲಿ ಮೂರನೇ ಎರಡು ಭಾಗ ನೈಟ್ರೋಜನ್. ಒಂದು ಲೀಟರಿಗೆ ಒಂದು ಗ್ರಾಂ ಹಾಕಿದರೆ ಪ್ರೋಟೀನ್ 100ಕ್ಕೆ 0.4ರಷ್ಟು ಏರಿ ತೋರುತ್ತದೆ. ಮಕ್ಕಳ ಮೂತ್ರಪಿಂಡದಲ್ಲಿ ಕಲ್ಲಾಯಿತು, ಸತ್ತೂ ಹೋದರು. ಅಲ್ಲಿ ಕೆಲ್ಡಾಲ್ ಅಳತೆ ತಪ್ಪಿರಲಿಲ್ಲ, ನೈಟ್ರೋಜನ್ ಇದ್ದದ್ದೇ ಹೌದು.

ಆದರೆ ದನದ ವಿಷಯದಲ್ಲಿ ಒಂದು ವ್ಯತ್ಯಾಸ ಉಂಟು. ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಯೂರಿಯಾದಿಂದಲೂ ಪ್ರೋಟೀನ್ ಮಾಡಿಕೊಳ್ಳುತ್ತವೆ, ಹಾಗಾಗಿ ದೊಡ್ಡ ದನದ ಫೀಡಿನಲ್ಲಿ ಸ್ವಲ್ಪ ಯೂರಿಯಾ ಇರುವುದೇ ತಪ್ಪಲ್ಲ, ಜಾಸ್ತಿ ಆದರೆ ವಿಷ. ಕರುಗಳಿಗೆ ಅದನ್ನು ಕೊಡಲೇಬೇಡಿ. ನಿಮ್ಮ ಹಾಲು ಇಳಿದದ್ದು ಅದರಿಂದಲೇ ಅಂತ ಮಾತ್ರ ನಾನು ಹೇಳಲಾರೆ. ಲ್ಯಾಬಿಗೆ ಕೊಡುವಾಗ ಪ್ರೋಟೀನ್ ಅಂತ ಮಾತ್ರ ಬರೆಯಬೇಡಿ, ಯೂರಿಯಾ ಬೇರೆಯಾಗಿ ನೋಡಿ ಅಂತ ಬರೆಯಿರಿ. ಅದಕ್ಕೆ ಹಳದಿ ಬಣ್ಣ ಬರುವ ಬೇರೆ ಪರೀಕ್ಷೆ ಉಂಟು.

ಪೆರ್ಲದ ಹಟ್ಟಿ
ಆಗಲಿ. ಪಶು ಡಾಕ್ಟರರು ಮೇವು ಬದಲಾದದ್ದಕ್ಕೆ ಹಾಲು ಇಳಿದದ್ದು, ಎರಡು ವಾರ ಕಾಯಿರಿ ಎಂದಿದ್ದಾರೆ. ನನಗೇನೋ ನಂಬಿಕೆ ಬರುವುದಿಲ್ಲ.

ನೀರ್ಚಾಲು ಅಕ್ಕ
ನನ್ನದೊಂದು ಕೊನೆಯ ಪ್ರಶ್ನೆ. ನೈಟ್ರೋಜನ್ 3.42 ಅಂತ ಬಂದದ್ದಾದರೂ ಸರಿಯೇ ಅಂತ ಹೇಗೆ ನಂಬುವುದು? ಎರಡನೆಯ ಲ್ಯಾಬಿನವರು ತಮ್ಮ ರಿಕವರಿ 99.6 ಅಂತ ಹೇಳಿದರು. ಅದು ಒಳ್ಳೆಯದಾ?

ಹಳೇ ಲ್ಯಾಬಿನವ
ರಿಕವರಿ ಅಂದರೆ ಗೊತ್ತಿರುವಷ್ಟು ನೈಟ್ರೋಜನ್ ಹಾಕಿ, ಅದರಲ್ಲಿ 100ಕ್ಕೆ ಎಷ್ಟು ವಾಪಸ್ ಸಿಕ್ಕಿತು ಅಂತ ನೋಡುವುದು. ಯಾವುದರ ಮೇಲೆ ರಿಕವರಿ ಮಾಡಿದರು ಅಂತ ಕೇಳಬೇಕು. ಅಮೋನಿಯಂ ಸಲ್ಫೇಟ್ ಹಾಕಿ ನೋಡಿದ್ದಾದರೆ ಅದು ಹಬೆ ಹಾಯಿಸುವ ಭಾಗ ಸರಿ ಉಂಟು, ಎಲ್ಲಿಯೂ ಸೋರುವುದಿಲ್ಲ ಅಂತ ಮಾತ್ರ ಹೇಳುತ್ತದೆ. ಕುದಿಸುವ ಕೆಲಸ ಸರಿಯಾಯಿತೇ ಅಂತ ತಿಳಿಯಲು ಟ್ರಿಪ್ಟೋಫಾನ್ ಅಥವಾ ಲೈಸಿನ್ ಹಾಕಿ ನೋಡಬೇಕು, ಅವುಗಳ ನೈಟ್ರೋಜನ್ ಪೂರ್ತಿಯಾಗಿ ಅಮೋನಿಯಂ ಆಗುವುದು ಸುಲಭವಲ್ಲ. ನನ್ನ ಲೆಕ್ಕದಲ್ಲಿ ಅದರಲ್ಲಿ 98 ಬಂದರೆ, ಅಮೋನಿಯಂ ಸಲ್ಫೇಟಿನ 99.6ಕ್ಕಿಂತ ಅದಕ್ಕೇ ಬೆಲೆ ಜಾಸ್ತಿ.

ಗೇರುಬೀಜದಲ್ಲಿ ಕಷ್ಟ ಕೊಡುವುದು ಎಣ್ಣೆ. ಹತ್ತಿರ ಹತ್ತಿರ ಅರ್ಧ ಭಾಗ ಎಣ್ಣೆಯೇ ಅಲ್ವಾ. ಒಂದು ಗ್ರಾಂ ಎಣ್ಣೆ ಸುಟ್ಟುಹೋಗಲು ಸುಮಾರು 10 ಮಿಲಿ ಆಸಿಡ್ ತಿನ್ನುತ್ತದೆ, ಹಿಟ್ಟಿನ ಪದಾರ್ಥಕ್ಕಾದರೆ 4 ಸಾಕು. ಅರ್ಧ ಗ್ರಾಂ ಬದಲು ಎರಡು ಗ್ರಾಂ ಪುಡಿ ತೂಗಿ ಅದೇ 12 ಮಿಲಿ ಆಸಿಡ್ ಹಾಕಿದರೆ ಕೊನೆಗೆ ಆಸಿಡ್ ಕಡಿಮೆಯಾಗಿ ಉಪ್ಪೇ ಉಳಿದು, ಬಿಸಿ ಹದ ಮೀರಿ ಅಮೋನಿಯಾ ಹಾರಿಹೋಗುತ್ತದೆ. ತಣಿದಾಗ ಕೊಳವೆಯಲ್ಲಿ ಕಲ್ಲಿನ ಹಾಗೆ ಗಟ್ಟಿಯಾದರೆ ಹೀಗಾಗಿದೆ ಅಂತ ಸಂಶಯ ಪಡಬೇಕು. ಇನ್ನೊಂದು, ಶುರುವಿನಲ್ಲಿ ನೊರೆ ಉಕ್ಕಿ ಕಪ್ಪು ಚುಕ್ಕಿಗಳು ಕತ್ತಿನಲ್ಲಿ ಅಂಟಿಕೊಂಡು ಕೆಳಗೆ ಇಳಿಯದೇ ಉಳಿಯುವುದು. ಮತ್ತೆ ಅವಸರದವರು ಹಸಿರು ಕಂಡ ಕೂಡಲೇ ಸ್ವಿಚ್ ಆರಿಸುತ್ತಾರೆ. ತಿಳಿಯಾದ ಮೇಲೂ ಕಡಿಮೆಯೆಂದರೆ ಅರ್ಧ ಗಂಟೆ ಕುದಿಯಬೇಕು. ಇವೆಲ್ಲದರಲ್ಲೂ ಉತ್ತರ ಕಡಿಮೆಯೇ ಬರುವುದು.

ನಿಮ್ಮಲ್ಲಿ ಎರಡು ಬೇರೆ ಲ್ಯಾಬಿನವರಿಗೆ 3.42ರ ಹತ್ತಿರವೇ ಬಂದಿರುವುದರಿಂದ ನಾನು ನಂಬುತ್ತೇನೆ.

ಉಪ್ಪಳ ಅಂಗಡಿ
ಅಕ್ಕ, ಸುಮ್ನೆ 21.4ರದ್ದನ್ನು ಕಳುಹಿಸಿ ಬಿಡಿ. ಕೋಡೆಕ್ಸ್‌ನವರೇ ಸರಿ ಅಂದಿದ್ದಾರಂತಲ್ಲ.

ಮಂಜೇಶ್ವರದ ಹುಡುಗಿ
ಕಳುಹಿಸಬಹುದು, ಆದರೆ ಪಕ್ಕದಲ್ಲಿ ನೈಟ್ರೋಜನ್ 3.42, ಫ್ಯಾಕ್ಟರ್ 6.25 ಅಂತ ಬರೆಸಿಕೊಂಡೇ ಕಳುಹಿಸಿ. ನಾಳೆ ಅವರು ಬೇರೆ ಲ್ಯಾಬಿನಲ್ಲಿ ನೋಡಿಸಿ 18 ಬಂದರೆ ಕಲಬೆರಕೆ ಅಂತ ನಿಮ್ಮ ತಲೆಗೆ ಕಟ್ಟುತ್ತಾರೆ.

ಹಳೇ ಲ್ಯಾಬಿನವ
ನಾನಾದರೆ 18.1ರದ್ದನ್ನೇ ಕೊಡುತ್ತಿದ್ದೆ. ಇದು ನನ್ನ ಹಠ, ಹುಡುಗಿಯದ್ದು ತಪ್ಪು ಅಂತ ಅಲ್ಲ.

ನೀರ್ಚಾಲು ಅಕ್ಕ
ಬೆಂಗಳೂರಿನವರಿಗೆ ಫೋನ್ ಮಾಡಿ ನಿಮ್ಮ 20 ಯಾವ ಫ್ಯಾಕ್ಟರಿನದ್ದು ಅಂತ ಕೇಳಿದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ಫ್ಯಾಕ್ಟರಿ ಅಲ್ಲ ಮೇಡಂ, ನಮ್ಮದು ಗೋಡೌನ್ ಮಾತ್ರ ಅಂದರು. ನಾಳೆ ಅವರ ಕ್ವಾಲಿಟಿಯವರು ಮಾತಾಡುತ್ತಾರಂತೆ. ಎರಡೂ ರಿಪೋರ್ಟ್ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೇನೆ.